ನೋಟೀಸಿನಲ್ಲೊಂದು ಖಾಲಿ ಮನೆ

ಬೇಸಿಗೆಯಲ್ಲಿ ಒಂದು ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಸಂಪ್ ತೊಳೆಸಿದೆವು. ಅದಕ್ಕೊಂದು ನೋಟೀಸ್ ಹಾಕಬೇಕಿತ್ತು. ಇಂಗ್ಲಿಷ್ ಪ್ರತಿಯನ್ನು ಸೆಕ್ರೆಟರಿ ಅಂಕಲ್ ಬರೆದು ಕಳಿಸಿದರು, ಒಟ್ಟು ಆರು ಪಾಯಿಂಟ್. ಕಮಿಟಿಯಲ್ಲಿ ಕನ್ನಡ ಟೈಪ್ ಮಾಡೋಕೆ ಬರೋದು ನನಗೊಬ್ಬನಿಗೇ. ಹಾಗಾಗಿ ಕನ್ನಡ ಪ್ರತಿ ನನ್ನ ಪಾಲಿಗೆ ಬಂತು.

ರಾತ್ರಿ ಹನ್ನೊಂದಕ್ಕೆ ಕೂತು ಬರೆದೆ. ಇಂಗ್ಲಿಷ್ ಒಂದು ಹಾಳೆಯಲ್ಲಿ ಆರಾಮಾಗಿ ಕೂತಿತ್ತು. ಕನ್ನಡ ಮಾತ್ರ ಮೂರು ಸಾಲು ಎರಡನೇ ಪುಟಕ್ಕೆ ಚೆಲ್ಲಿತು. ಒತ್ತಕ್ಷರಗಳಿಗೆ ಜಾಗ ಬೇಕಾದ್ದರಿಂದ ಕನ್ನಡದ ಸಾಲುಗಳ ನಡುವೆ ಅಂತರ ಜಾಸ್ತಿ, ಪದಗಳೂ ಉದ್ದ. ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಒಂದು ಭಾಷೆಗೆ ಒಂದೇ ಎ4 ಹಾಳೆಯ ಜಾಗ. ಅಕ್ಷರ ಸಣ್ಣದು ಮಾಡಿದೆ, ಸಾಲಲಿಲ್ಲ. ಕೊನೆಗೆ ಆರನೇ ಪಾಯಿಂಟ್ ಕಟ್ ಮಾಡಿ, ಬೆಳಗ್ಗೆ ಹೇಗಾದರೂ ಸೇರಿಸೋಣ ಅಂತ ಮಲಗಿದೆ. ಬೆಳಗ್ಗೆ ಎದ್ದರೆ ಆಫೀಸಿನ ಕಾಲ್ ಮೇಲೆ ಕಾಲ್. ಪ್ರಿಂಟ್ ಹಾಗೇ ಹೋಯಿತು.

ಆರನೇ ಪಾಯಿಂಟ್ ಇದಾಗಿತ್ತು: ಸಂಪನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವುದರಿಂದ ಭಾನುವಾರ ಬೆಳಗ್ಗೆ 10 ಗಂಟೆಯವರೆಗೆ ನಲ್ಲಿ ನೀರು ಕುಡಿಯಬೇಡಿ, ಕುಡಿಯುವ ನೀರಿನ ಕ್ಯಾನ್‌ಗಳನ್ನು ಗೇಟ್ ಹತ್ತಿರ ಇಟ್ಟಿರುತ್ತೇವೆ.

ಭಾನುವಾರ ಮಧ್ಯಾಹ್ನ ವಾಚ್‌ಮನ್ ಅಣ್ಣ ಮಗಳನ್ನು ಎತ್ತಿಕೊಂಡು ಆಟೋಗೆ ಕಾಯುತ್ತಿದ್ದರು. ರಾತ್ರಿಯಿಂದ ವಾಂತಿ. ಸಂಜೆ ಹೊತ್ತಿಗೆ ಮಗು ಚೇತರಿಸಿಕೊಂಡಿತು. ನೀರಿನಿಂದಲೇ ಹಾಗಾಯಿತು ಅಂತ ಯಾರೂ ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ಮಗು ಕುಡಿದದ್ದು ಆ ನೀರನ್ನೇ. ಮಾರನೇ ದಿನ ಅಣ್ಣ ಜಗಳಕ್ಕೇನೂ ಬರಲಿಲ್ಲ. ಅವರು ರಾಯಚೂರಿನ ಕಡೆಯವರು. ಬೋರ್ಡಿನ ಮುಂದೆ ನಿಂತು, “ಸರ, ನಾ ಈ ಚೀಟಿ ಎರಡು ಸಲ ಓದೀನ್ರಿ. ಕುಡೀಬ್ಯಾಡ್ರಿ ಅಂತ ಎಲ್ಲಿ ಬರ್ದೀರಿ?” ಅಂತ ಕೇಳಿದರು, ಅಷ್ಟೇ.

ಎಲ್ಲೂ ಬರೆದಿರಲಿಲ್ಲ. ಪಕ್ಕದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು.

ಎರಡೂ ಹಾಳೆ ಮೂರು ದಿನ ಅಕ್ಕಪಕ್ಕ ನೇತಾಡಿದವು. ಕನ್ನಡದಲ್ಲಿ ಒಂದು ಪಾಯಿಂಟ್ ಕಮ್ಮಿ ಅಂತ ಒಬ್ಬರಿಗೂ ಕಾಣಲಿಲ್ಲ. ಕಾಣೋದಾದರೂ ಹೇಗೆ? ಇಂಗ್ಲಿಷ್ ಓದುವವರು ಇಂಗ್ಲಿಷ್ ಓದಿ ಲಿಫ್ಟ್ ಹತ್ತುತ್ತಾರೆ, ಕನ್ನಡ ಓದುವವರು ಕನ್ನಡ ಓದಿ ಕೆಲಸಕ್ಕೆ ಹೋಗುತ್ತಾರೆ. ಎರಡೂ ಬರುವ ನನ್ನಂಥವರು ಒಂದನ್ನು ಓದಿ, ಇನ್ನೊಂದೂ ಹಾಗೇ ಇರುತ್ತೆ ಅಂದುಕೊಳ್ಳುತ್ತೇವೆ. ಮುಂದಿನ ನೋಟೀಸಿನಿಂದ ಎರಡೂ ಭಾಷೆ ಒಂದೇ ಹಾಳೆಯಲ್ಲಿ, ಪಾಯಿಂಟಿಗೆ ಪಾಯಿಂಟ್ ಎದುರುಬದುರಾಗಿ ಇರಬೇಕು ಅಂತ ತೀರ್ಮಾನಿಸಿದೆ.

ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ವರ್ಡ್‌ನಲ್ಲಿ ಕಾಲಂ ಮಾಡೋ ಬಟನ್ ಇದೆಯಲ್ಲ, ಅದನ್ನೇ ಒತ್ತಿದೆ. ಅದು ಪತ್ರಿಕೆಯ ಕಾಲಂ. ಬರಹ ಎಡಗಡೆ ಕೆಳಗಿನವರೆಗೆ ಇಳಿದು, ಆಮೇಲೆ ಬಲಗಡೆ ಮೇಲಿಂದ ಶುರುವಾಗುತ್ತದೆ. ಎಡದ ಮೂರನೇ ಪಾಯಿಂಟಿಗೂ ಬಲದ ಮೂರನೇ ಪಾಯಿಂಟಿಗೂ ಸಂಬಂಧವೇ ಇಲ್ಲ. ನಡುವೆ ಎಂಟರ್ ಒತ್ತಿ ಒತ್ತಿ ಸಮ ಮಾಡಿದೆ. ಆಮೇಲೆ ಕನ್ನಡದಲ್ಲಿ ಒಂದು ಪದ ಸೇರಿಸಿದ್ದೇ ತಡ, ಕೆಳಗಿನದೆಲ್ಲಾ ಒಂದೊಂದು ಸಾಲು ಜಾರಿತು. ಟ್ಯಾಬ್ ಮತ್ತು ಸ್ಪೇಸ್ ಒತ್ತಿ ಕೂರಿಸಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ ನೆಟ್ಟಗಿತ್ತು, ಅಂಕಲ್ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಚೆಲ್ಲಾಪಿಲ್ಲಿಯಾಯಿತು.

ಇದಕ್ಕೆ ಬೇಕಾದದ್ದು ಕಾಲಂ ಅಲ್ಲ, ಟೇಬಲ್. ಚೌಕಾಬಾರದ ಮನೆಗಳ ಹಾಗೆ ಯೋಚಿಸಿ. ಒಂದು ಪಾಯಿಂಟಿಗೆ ಒಂದು ಅಡ್ಡಸಾಲು, ಆ ಸಾಲಿನಲ್ಲಿ ಕನ್ನಡಕ್ಕೊಂದು ಮನೆ, ಇಂಗ್ಲಿಷಿಗೊಂದು ಮನೆ. ಕನ್ನಡ ಐದು ಸಾಲು, ಇಂಗ್ಲಿಷ್ ಮೂರು ಸಾಲು ಆದರೂ ಚಿಂತೆಯಿಲ್ಲ. ಉದ್ದದ ಮನೆಗೆ ತಕ್ಕ ಹಾಗೆ ಇಡೀ ಸಾಲು ಎತ್ತರವಾಗುತ್ತದೆ, ಮುಂದಿನ ಪಾಯಿಂಟ್ ಎರಡೂ ಕಡೆ ಒಂದೇ ಮಟ್ಟದಲ್ಲಿ ಶುರುವಾಗುತ್ತದೆ. ಎಡತುದಿಯಲ್ಲಿ ಅಂಕಿಗೆಂದು ಒಂದು ಸಣ್ಣ ಮನೆ ಬಿಟ್ಟೆ, ಎರಡು ಭಾಷೆಗೂ ಒಂದೇ ಅಂಕಿ. ಆಮೇಲೆ ಗೆರೆಗಳನ್ನು ತೆಗೆದು, ಸಾಲುಗಳ ನಡುವೆ ತೆಳ್ಳಗಿನ ಒಂದು ಅಡ್ಡಗೆರೆ ಮಾತ್ರ ಉಳಿಸಿದೆ. ನೋಡಿದವರಿಗೆ ಟೇಬಲ್ ಅಂತ ಅನಿಸುವುದೇ ಇಲ್ಲ.

ಎರಡು ಸೆಟ್ಟಿಂಗ್ ಮರೆಯಬಾರದು. ವರ್ಡ್‌ನ `Table Properties` ಒಳಗೆ `Row` ಅನ್ನುವಲ್ಲಿ `Allow row to break across pages` ಅಂತಿದೆ. ಅದರ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಒಂದೇ ಪಾಯಿಂಟ್ ಅರ್ಧ ಈ ಪುಟದಲ್ಲಿ, ಅರ್ಧ ಮುಂದಿನ ಪುಟದಲ್ಲಿ ಬೀಳುತ್ತದೆ. ಇನ್ನೊಂದು, ಅಲ್ಲೇ `Table` ಅನ್ನುವಲ್ಲಿರುವ `Options` ಒಳಗಿನ `Automatically resize to fit contents`. ಅದರ ಟಿಕ್ ಕೂಡ ತೆಗೆಯಬೇಕು. ಇಲ್ಲದಿದ್ದರೆ ಒಂದು ಉದ್ದನೆಯ ಕನ್ನಡ ಪದ ಬಂದರೆ ಸಾಕು, ಆ ಮನೆ ಉಬ್ಬಿ ಪಕ್ಕದ ಮನೆಯನ್ನು ಒತ್ತುತ್ತದೆ. ನಾನು ಅಳತೆಯನ್ನು ಕೈಯಾರೆ ಕೊಟ್ಟೆ. ಎ4 ಹಾಳೆಯ ಅಗಲ 21 ಸೆಂ.ಮೀ. ಎರಡೂ ಬದಿ 2 ಸೆಂ.ಮೀ. ಅಂಚು ಬಿಟ್ಟರೆ ಉಳಿಯೋದು 17. ಅಂಕಿಗೆ 1, ಕನ್ನಡಕ್ಕೆ 9, ಇಂಗ್ಲಿಷಿಗೆ 7.

ಅರ್ಧರ್ಧ ಮಾಡಬಹುದಿತ್ತಲ್ಲ ಅಂತ ಅಂಕಲ್ ಕೇಳಿದರು. ಮಾಡಿ ತೋರಿಸಿದೆ. ಪ್ರತ್ಯಯಗಳೆಲ್ಲ ಅಂಟಿಕೊಂಡು ಬರುವುದರಿಂದ ನಮ್ಮ ಪದಗಳು ಉದ್ದ. ‘ತೊಳೆಯಲಾಗುವುದರಿಂದ’ ಅನ್ನೋದು ಒಂದೇ ಪದ, ಸಾಲಿನ ಕೊನೆಯಲ್ಲಿ ಹಿಡಿಯದಿದ್ದರೆ ಇಡಿಯಾಗಿ ಕೆಳಗಿಳಿಯುತ್ತದೆ. ಇಕ್ಕಟ್ಟಿನ ಮನೆಯಲ್ಲಿ ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೇ ಕನ್ನಡಕ್ಕೆ ಅಗಲ ಜಾಸ್ತಿ ಕೊಟ್ಟು, ಬಲ ಅಂಚನ್ನು ಏರುಪೇರಾಗಿಯೇ ಬಿಟ್ಟೆ.

ಇನ್ನು ಸಾಲಿನ ಅಂತರ. ಎರಡೂ ಕಡೆ ಒಂದೇ ಅಂತರ ಇರಲಿ ಅಂತ `Exactly` ಆರಿಸಿ 14 ಪಾಯಿಂಟ್ ಕೊಟ್ಟೆ. ಇಂಗ್ಲಿಷ್ ಚೆನ್ನಾಗಿ ಕಂಡಿತು, ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಯಿತು. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಅಂತ ಒಂದು ಮನೆಯಲ್ಲಿ ಟೈಪ್ ಮಾಡಿ ನೋಡಿ, ಅಂತರ ಸಾಕೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ನನ್ನ ಫಾಂಟಿನ 12ರ ಅಳತೆಗೆ 20 ಬೇಕಾಯಿತು. ಇಂಗ್ಲಿಷಿಗೂ ಅದೇ 20 ಕೊಟ್ಟೆ. ಸ್ವಲ್ಪ ಸಡಿಲ ಅನಿಸಿದರೂ ಸಾಲಿಗೆ ಸಾಲು ಹೊಂದಿತು.

ಇಷ್ಟೆಲ್ಲ ಮಾಡಿ ಹಳೇ ನೋಟೀಸನ್ನೇ ಈ ಮನೆಗಳಿಗೆ ಸುರಿದು ನೋಡಿದೆ. ಐದು ಸಾಲು ತುಂಬಿದವು. ಆರನೆಯದರಲ್ಲಿ ಬಲಗಡೆ ಇಂಗ್ಲಿಷ್, ಎಡಗಡೆ ಖಾಲಿ ಮನೆ. ಅವತ್ತು ರಾತ್ರಿ ಹೀಗೆ ಮಾಡಿದ್ದರೆ ಆ ಖಾಲಿ ಮನೆಯನ್ನು ಬಿಟ್ಟು ಮಲಗೋಕೆ ನನ್ನಿಂದ ಆಗುತ್ತಿರಲಿಲ್ಲ.

ಹೊಂದಿಸಬೇಕಾದದ್ದು ಪಾಯಿಂಟನ್ನೇ ಹೊರತು ವಾಕ್ಯವನ್ನಲ್ಲ. ಇಂಗ್ಲಿಷಿನಲ್ಲಿ ‘ನೀರು ಬರುವುದಿಲ್ಲ’ ಅನ್ನೋದು ಮೊದಲು, ‘ಸಿ ಬ್ಲಾಕ್ ಬಿಟ್ಟು’ ಅನ್ನೋದು ಕೊನೆಗೆ. ಕನ್ನಡದಲ್ಲಿ ಸಿ ಬ್ಲಾಕ್ ಮೊದಲು ಬಂದರೇ ಚೆಂದ. ಸಾಲಿಗೆ ಸಾಲು ಹೊಂದಿಸಲು ಹಟ ಹಿಡಿದರೆ ಕನ್ನಡ ಅನುವಾದದ ವಾಸನೆ ಹೊಡೆಯುತ್ತದೆ. ಹಾಗಾಗಿ ಒಂದು ಮನೆಗೆ ಒಂದೇ ವಿಷಯ, ಮನೆಯೊಳಗೆ ಆಯಾ ಭಾಷೆಯ ಇಷ್ಟ.

ಎರಡನೇ ನೋಟೀಸ್ ಬಂದದ್ದು ಲಿಫ್ಟ್ ರಿಪೇರಿಗೆ. ಎಲ್ಲ ಮನೆಗಳೂ ತುಂಬಿದ್ದವು. ಕಳಿಸುವ ಮೊದಲು ಬರೀ ಅಂಕಿಗಳನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋದೆ: ದಿನಾಂಕ, ಗಂಟೆ, ಬ್ಲಾಕ್. ಮೂರನೇ ಸಾಲಿನಲ್ಲಿ ಇಂಗ್ಲಿಷಿನ ಕಡೆ, ಶನಿವಾರ 12 ಎಎಂನಿಂದ ಲಿಫ್ಟ್ ಬಂದ್ ಅಂತಿತ್ತು. ನಾನು ಕನ್ನಡದಲ್ಲಿ ‘ಶನಿವಾರ ರಾತ್ರಿ 12 ಗಂಟೆಯಿಂದ’ ಅಂತ ಬರೆದಿದ್ದೆ. ಎರಡರಲ್ಲೂ ಶನಿವಾರ, ಎರಡರಲ್ಲೂ 12. ದಾಟಿ ಹೋಗಬೇಕು ಅನ್ನುವಷ್ಟರಲ್ಲಿ ತಡೆಯಿತು. ಇಂಗ್ಲಿಷಿನ ಲೆಕ್ಕದಲ್ಲಿ 12 ಎಎಂ ಅಂದರೆ ಶನಿವಾರ ಶುರುವಾಗುವ ಗಳಿಗೆ. ಶನಿವಾರ ರಾತ್ರಿ 12 ಅಂದರೆ ನಮ್ಮವರಿಗೆ ಶನಿವಾರ ಊಟ ಮುಗಿಸಿ ಮಲಗಿದ ಮೇಲಿನ ಹೊತ್ತು. ನಡುವೆ ಪೂರ್ತಿ 24 ಗಂಟೆ ವ್ಯತ್ಯಾಸ. ನಾಲ್ಕನೇ ಮಹಡಿಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬರಿದ್ದಾರೆ, ಕನ್ನಡ ಮಾತ್ರ ಓದುತ್ತಾರೆ. ಶನಿವಾರ ಬೆಳಗ್ಗೆ ದೇವಸ್ಥಾನಕ್ಕೆ ಹೊರಟು ನಿಂತ ಲಿಫ್ಟಿನ ಮುಂದೆ ಕಾಯುತ್ತಿದ್ದರು. ಕನ್ನಡದಲ್ಲಿ ‘ಶುಕ್ರವಾರ ಮಧ್ಯರಾತ್ರಿ 12ರಿಂದ, ಶನಿವಾರ ಇಡೀ ದಿನ’ ಅಂತ ತಿದ್ದಿದೆ. ಇಂಗ್ಲಿಷನ್ನೂ ಶುಕ್ರವಾರ ರಾತ್ರಿ ಅಂತಲೇ ಬದಲಿಸಿದೆವು.

ಅಂಕಲ್‌ಗೆ ಕೊನೆಯಲ್ಲೊಂದು ಸಾಲು ಬೇಕಿತ್ತು: ವ್ಯತ್ಯಾಸ ಕಂಡರೆ ಇಂಗ್ಲಿಷ್ ಪ್ರತಿಯೇ ಅಂತಿಮ. ಕೆನಡಾದ ಕೇಂದ್ರ ಕಾಯ್ದೆಗಳ ಪುಸ್ತಕ ನೆಟ್‌ನಲ್ಲಿದೆ, ಅವರಿಗೆ ಅದನ್ನು ತೆಗೆದು ತೋರಿಸಿದೆ. ಇಂಗ್ಲಿಷ್, ಫ್ರೆಂಚ್ ಎರಡೂ ಒಂದೇ ಪುಟದಲ್ಲಿ ಅಕ್ಕಪಕ್ಕದ ಕಾಲಂಗಳಲ್ಲಿವೆ. ಅಲ್ಲಿನ 1982ರ ಸಂವಿಧಾನ ಕಾಯ್ದೆಯ ಪ್ರಕಾರ ಎರಡಕ್ಕೂ ಸಮಾನ ಅಧಿಕಾರ. ವ್ಯತ್ಯಾಸ ಬಂದರೆ ಕೋರ್ಟು ಎರಡನ್ನೂ ಓದಿಯೇ ಅರ್ಥ ಹುಡುಕಬೇಕು. “ನಮ್ದು ಸಂಪ್ ತೊಳೆಯೋ ನೋಟೀಸಪ್ಪಾ, ಕಾಯ್ದೆ ಅಲ್ಲ” ಅಂತ ಅಂಕಲ್ ನಕ್ಕರು. “ಅದಕ್ಕೇ ಅಂಕಲ್, ಕುಡಿದಾದ ಮೇಲೆ ಇಂಗ್ಲಿಷೇ ಅಂತಿಮ ಅಂದ್ರೆ ಏನು ಪ್ರಯೋಜನ?” ಅಂದೆ. ಆ ಸಾಲು ಹೋಯಿತು.

ಈ ವಿಧಾನ ಎಲ್ಲ ಕಡೆಗೂ ಆಗಲ್ಲ. ಅದೇ ಹಾಳೆಯನ್ನು ಪಿಡಿಎಫ್ ಮಾಡಿ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿದಾಗ, ಮೊಬೈಲಿನಲ್ಲಿ ಎರಡು ಕಾಲಂ ಇರುವೆ ಸಾಲಿನ ಹಾಗೆ ಕಂಡಿತು. ಹಿಗ್ಗಿಸಿದರೆ ಒಂದು ಭಾಷೆ ಪರದೆಯಿಂದಾಚೆ ಹೋಗುತ್ತದೆ. ಈಗ ಮೊಬೈಲಿಗೆ ಬೇರೆ ಪ್ರತಿ ಕಳಿಸುತ್ತೇವೆ. ಒಂದನೇ ಪಾಯಿಂಟ್ ಕನ್ನಡದಲ್ಲಿ, ಅದರ ಕೆಳಗೇ ಇಂಗ್ಲಿಷಿನಲ್ಲಿ, ಆಮೇಲೆ ಎರಡನೆಯದು. ಜೋಡಿ ಮಾತ್ರ ಒಡೆಯುವುದಿಲ್ಲ. ಗೋಡೆಗಾದರೆ, ಒಂದು ಎ4ನಲ್ಲಿ ಹಿಡಿಯದಿದ್ದಾಗ ಅಂಗಡಿಯಲ್ಲಿ ಎ3 ಹಾಳೆಗೆ ಪ್ರಿಂಟ್ ತೆಗೆಸುತ್ತೇನೆ. ಪಾಯಿಂಟ್ ಕತ್ತರಿಸುವುದು ನಿಂತಿದೆ.

ಹೋದ ವಾರ ಮತ್ತೆ ಸಂಪ್ ತೊಳೆಯುವ ನೋಟೀಸ್ ಅಂಟಿಸುತ್ತಿದ್ದೆ. ವಾಚ್‌ಮನ್ ಅಣ್ಣ ಬಂದು ನಿಂತರು. ಎಡಗಡೆ ಆರೂ ಪಾಯಿಂಟ್ ನಿಧಾನಕ್ಕೆ ಓದಿದರು. ಆಮೇಲೆ ಬಲಗಡೆ ಬೆರಳಿಟ್ಟು, ಇಂಗ್ಲಿಷ್ ಮನೆಗಳನ್ನು ಒಂದೊಂದಾಗಿ ಎಣಿಸಿದರು.

“ಆರೈತ್ರಿ ಸರ,” ಅಂದರು.