ಏಳು ಅಂಕದ ಹುಡುಗ ಪಟ್ಟಿಯಲ್ಲಿರಲಿಲ್ಲ

ಬೋಧನಾಭ್ಯಾಸದ ಮೂರನೇ ವಾರ ಎಂಟನೇ ತರಗತಿಗೆ ಬೀಜಗಣಿತದಲ್ಲಿ 25 ಅಂಕಗಳ ಘಟಕ ಪರೀಕ್ಷೆ ಕೊಟ್ಟಿದ್ದೆ. 38 ಮಕ್ಕಳು. ಅಂಕಗಳನ್ನು ಎಕ್ಸೆಲ್‌ನಲ್ಲಿ ತುಂಬಿದಾಗ ಸರಾಸರಿ 18 ಬಂತು. ಹತ್ತಕ್ಕಿಂತ ಕಡಿಮೆ ಪಡೆದವರನ್ನು ಪರಿಹಾರ ಬೋಧನೆಗೆ ಆರಿಸಲು ಒಂದು ಸೂತ್ರ ಹಾಕಿದ್ದೆ. ಅದು ಇಬ್ಬರನ್ನು ಮಾತ್ರ ತೋರಿಸಿತು. ನನಗೆ ಖುಷಿಯೋ ಖುಷಿ.

ಮಾರ್ಗದರ್ಶಕ ಮೇಡಂ ಪಟ್ಟಿ ನೋಡಿ, "ಕಿಟಕಿ ಪಕ್ಕ ಕೂರುವ ಹುಡುಗನಿಗೆ ಏಳೇ ಬಂದಿತ್ತಲ್ಲಮ್ಮಾ, ಅವನ ಹೆಸರೆಲ್ಲಿ?" ಎಂದರು.

ಅವನ ಸಾಲಿನಲ್ಲಿ 07 ಎಂದೇ ಇತ್ತು. ಶಾಲೆಯ ಅಂಕವಹಿಯಲ್ಲಿ ಎರಡಂಕಿಯಲ್ಲಿ ಬರೆಯುವ ರೂಢಿ. ಎಕ್ಸೆಲ್‌ನಲ್ಲಿ 07 ಎಂದರೆ ಸೊನ್ನೆ ಹೋಗಿ 7 ಉಳಿಯುತ್ತದೆ. ಮೊದಲ ಇಬ್ಬರಿಗೆ ಹಾಗೇ ಬಿಟ್ಟೆ. ಆಮೇಲೆ ಗೆಳತಿ ಹೇಳಿದಂತೆ ಮುಂದೊಂದು ಮೇಲ್ಚುಕ್ಕೆ ಸೇರಿಸಿ '07 ಎಂದು ಒತ್ತಿದೆ. ಸೊನ್ನೆ ಉಳಿಯಿತು. ಆದರೆ ಹಾಗೆ ತುಂಬಿದ ಒಂಬತ್ತು ಮಕ್ಕಳ ಅಂಕಗಳು ಸಂಖ್ಯೆಗಳಾಗಿರದೆ ಪಠ್ಯವಾಗಿಬಿಟ್ಟಿದ್ದವು.

ನಾನು ಒಪ್ಪಲಿಲ್ಲ. C4ರಲ್ಲಿ 18, C5ರಲ್ಲಿ ಆ 07 ಇತ್ತು. ಕೂಡಿ ನೋಡಿದೆ:

```
=C4+C5        25
=SUM(C4:C5)   18
=C5<10        FALSE
```

ಮೊದಲ ಸಾಲೇ ನನ್ನನ್ನು ಮೋಸಗೊಳಿಸಿದ್ದು. ಕೂಡುವ ಚಿಹ್ನೆ ಕಂಡರೆ ಎಕ್ಸೆಲ್ ಪಠ್ಯವನ್ನು ನಮಗೆ ಹೇಳದೆಯೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ. SUM ಹಾಗೆ ಮಾಡದು. ಕೋಶಗಳ ಸಾಲಿನಲ್ಲಿ ಸಿಕ್ಕ ಪಠ್ಯವನ್ನು ದಾಟಿ ಹೋಗುತ್ತದೆ. AVERAGE ಕೂಡ ಅಷ್ಟೇ, ಭಾಗಿಸುವ ಎಣಿಕೆಯಿಂದಲೂ ಅವರನ್ನು ಬಿಡುತ್ತದೆ. ಹೋಲಿಕೆಯಲ್ಲಂತೂ ಯಾವುದೇ ಪಠ್ಯ ಯಾವುದೇ ಸಂಖ್ಯೆಗಿಂತ ದೊಡ್ಡದೆಂದೇ ಲೆಕ್ಕ. ಹಾಗಾಗಿ 07 ಹತ್ತಕ್ಕಿಂತ ಕಡಿಮೆಯಲ್ಲ!

ಅಂದರೆ 29 ಮಕ್ಕಳ 522 ಅಂಕಗಳನ್ನು 29ರಿಂದ ಭಾಗಿಸಿ 18 ಬಂದಿತ್ತು. ಬಿಟ್ಟುಹೋದ ಒಂಬತ್ತು ಮಕ್ಕಳ 61 ಅಂಕ ಸೇರಿದರೆ 583; 38ರಿಂದ ಭಾಗಿಸಿದರೆ ಸುಮಾರು 15.3. ಪಟ್ಟಿಗೆ ಯಾರು ಬರಬೇಕಿತ್ತೋ ಅವರನ್ನೇ ನಾನು ಎರಡು ಕಡೆಯಿಂದಲೂ ಹೊರಗಿಟ್ಟಿದ್ದೆ.

ಗುರುತು ಕಣ್ಣೆದುರೇ ಇತ್ತು. ಸಂಖ್ಯೆಗಳು ಕೋಶದ ಬಲಕ್ಕೆ, ಈ ಒಂಬತ್ತು ಎಡಕ್ಕೆ ಅಂಟಿಕೊಂಡಿದ್ದವು. ಮೂಲೆಯಲ್ಲಿ ಹಸಿರು ತ್ರಿಕೋನವೂ ಇತ್ತು. ನಾನು ಅಂದ ಕಾಣಲೆಂದು ಇಡೀ ಕಂಬಸಾಲನ್ನು ನಡುವಿಗೆ ತಂದುಕೊಂಡಿದ್ದರಿಂದ ಎಡಬಲ ಅಳಿಸಿಹೋಗಿತ್ತು. ಈಗ ಮೊದಲು ಹೀಗೆ ನೋಡುತ್ತೇನೆ:

```
=COUNTA(C2:C39)   38
=COUNT(C2:C39)    29
```

ಮೊದಲನೆಯದು ತುಂಬಿದ ಕೋಶಗಳನ್ನೆಲ್ಲ, ಎರಡನೆಯದು ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ.

ಸರಿಪಡಿಸಲು ಕೋಶದ ನಮೂನೆಯನ್ನು Number ಎಂದು ಬದಲಿಸಿದೆ, ಏನೂ ಆಗಲಿಲ್ಲ. ಒಳಗಿರುವುದು ಪಠ್ಯವಾಗಿಯೇ ಉಳಿಯುತ್ತದೆ. ಹಸಿರು ತ್ರಿಕೋನ ಒತ್ತಿ Convert to Number ಆರಿಸಿದಾಗ ಸರಿಹೋಯಿತು. ಎರಡಂಕಿಯೇ ಬೇಕೆಂದರೆ ನಮೂನೆಯಲ್ಲಿ 00 ಎಂದು ಕೊಟ್ಟರಾಯಿತು, ಒಳಗೆ 7 ಇದ್ದು ಹೊರಗೆ 07 ಕಾಣುತ್ತದೆ.

ಸೋಮವಾರದ ಪರಿಹಾರ ಬೋಧನೆಗೆ ಹನ್ನೊಂದು ಮಕ್ಕಳು ಬಂದರು. ಎರಡು ಕುರ್ಚಿ ಹಾಕಿಟ್ಟಿದ್ದ ಕೋಣೆಗೆ ಕಿಟಕಿ ಪಕ್ಕದ ಹುಡುಗನೇ ಬೆಂಚು ಎಳೆದು ತಂದ.