ಹಳೆಯ ನುಡಿ, ಹಳೆಯ ಸಂಗಾತಿ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಪ್ರಥಮ ಪರಿಚ್ಛೇದದಲ್ಲಿ ಪಳಗನ್ನಡವನ್ನು ಕುರಿತ ಒಂದು ಮಾತಿದೆ. ಹಿಂದಿನ ಕಾವ್ಯಗಳಲ್ಲಿ ಸೊಗಯಿಸಿದ ಹಳೆಯ ಪ್ರಯೋಗಗಳನ್ನು ಈಗ ಬಳಸಹೊರಟರೆ ಅವು ಅಸಹ್ಯವೆನಿಸುತ್ತವೆ ಎಂದು ಹೇಳಿ, ಗ್ರಂಥಕಾರ ಅದನ್ನು ಮುಪ್ಪಾದ ಹೆಣ್ಣಿನೊಡನೆ ಬಯಸುವ ಸರಸಕ್ಕೆ ಹೋಲಿಸುತ್ತಾನೆ. ಭಾಷೆಯ ಬದಲಾವಣೆಯನ್ನು ಗುರುತಿಸಿದ ಅವನ ಕಿವಿ ಸೂಕ್ಷ್ಮವಾದದ್ದು. ಹೋಲಿಕೆ ಮಾತ್ರ ನಿರ್ದಯವಾದದ್ದು. ಬಹುಕಾಲ ಜೊತೆಗೆ ಬಾಳಿದ ದಂಪತಿಗಳ ನಡುವೆ ಈ ಹೋಲಿಕೆ ತಲೆಕೆಳಗಾಗುತ್ತದೆ. ಅಲ್ಲಿ ಹಳತಾಗಿ ಸವೆದಿರುವುದು ಮಾತು, ಮಾತನ್ನು ಕೇಳುವವಳಲ್ಲ.

ಹಲಸೂರಿನಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರಿಗೆ ಈ ಶ್ಲೋಕಾರ್ಥ ನೆನಪಾದದ್ದು ತಮ್ಮ ವಿವಾಹದ ನಲವತ್ತನೆಯ ವಾರ್ಷಿಕ ದಿನಕ್ಕೆ ಹೆಂಡತಿಗಾಗಿ ನಾಲ್ಕು ಸಾಲು ಬರೆಯಲು ಕುಳಿತಾಗ. ಪ್ರತಿವರ್ಷವೂ ಒಂದು ಕಾರ್ಡಿನಲ್ಲಿ ಏನಾದರೂ ಬರೆದುಕೊಡುವುದು ಅವರ ಪದ್ಧತಿ. ಆಕೆ ಅವನ್ನೆಲ್ಲ ಸೀರೆಯ ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡಿದ್ದರು. ಹಳೆಯದನ್ನು ಮತ್ತೆ ಬರೆಯಬಾರದೆಂದು ಅವರು ಆ ಕಟ್ಟನ್ನು ಬಿಚ್ಚಿ ಓದಿದರು. ‘ಬಾಳಿನ ಬೆಳಕು’ ಹಲವು ಸಲ ಬಂದಿತ್ತು. ‘ಮನೆಯ ನಂದಾದೀಪ’ವೂ ‘ಏಳೇಳು ಜನ್ಮದ ಅನುಬಂಧ’ವೂ ಸರದಿಯಂತೆ ಕಾಣಿಸಿಕೊಂಡಿದ್ದವು. ಮೊದಲ ಕೆಲವು ಕಾರ್ಡುಗಳಲ್ಲಿ ‘ಮೈಸೂರ ಮಲ್ಲಿಗೆ’ಯ ಕಂಪು ದಟ್ಟವಾಗಿತ್ತು. ಆ ಸಂಕಲನ ಪ್ರಕಟವಾದದ್ದು 1942ರಲ್ಲಿ. ಅದರ ಕವಿ ಕೆ. ಎಸ್. ನರಸಿಂಹಸ್ವಾಮಿಯವರೇ 1958ರ ‘ಶಿಲಾಲತೆ’ಯ ಹೊತ್ತಿಗೆ ಬೇರೆಯ ನುಡಿಗಟ್ಟನ್ನು ಅರಸಿ ಹೊರಟಿದ್ದರು. ಕವಿ ದಾಟಿಹೋದ ಜಾಗದಲ್ಲಿ ಓದುಗ ಗಂಡ ಮಾತ್ರ ನಿಂತೇ ಇದ್ದ.

ಅವರ ಮೊದಲ ಕರಡು ‘ಬಾಳಿನ ಬೆಳಕ’ನ್ನು ‘ಜೀವನಜ್ಯೋತಿ’ಯಾಗಿಸಿತು. ಪದ ಬದಲಾಯಿತು, ಅರ್ಥ ಅಲ್ಲಿಯೇ ಉಳಿಯಿತು. ದಂಡಿ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ‘ಏಕಾರ್ಥ’ವೆಂಬ ದೋಷವನ್ನು ಹೇಳುವಾಗ ಅದು ಶಬ್ದದಿಂದಲೂ ಆಗಬಹುದು, ಅರ್ಥದಿಂದಲೂ ಆಗಬಹುದು ಎನ್ನುತ್ತಾನೆ. ಹಳೆಯ ನುಡಿಯನ್ನು ತಪ್ಪಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಶಬ್ದದ ಪುನರುಕ್ತಿಯನ್ನು ಮಾತ್ರ ತಪ್ಪಿಸಿ, ಅರ್ಥದ ಪುನರುಕ್ತಿಯಲ್ಲಿ ಬೀಳುತ್ತಾರೆ. ಪರ್ಯಾಯಪದಗಳ ಕೋಶ ಇಲ್ಲಿ ನೆರವಿಗೆ ಬಾರದು.

ಎರಡನೆಯ ಕರಡಿನಲ್ಲಿ ಅವರು ಹೊಸ ಉಪಮೆಯನ್ನು ತಂದರು. ದಾಂಪತ್ಯವು ಹಲಸೂರು ಕೆರೆಯಂತೆ. ಸುತ್ತ ಊರು ಎಷ್ಟು ಬೆಳೆದರೂ ನಡುವೆ ಉಳಿದೇ ಇದೆ ಎಂಬ ಭಾವ. ಸಾಲು ಚೆನ್ನಾಗಿತ್ತು. ಆದರೆ ಅವರು ತರಗತಿಯಲ್ಲಿ ವಿದ್ಯಾರ್ಥಿಗಳ ಬರಹವನ್ನು ತಿದ್ದುವಾಗ ಕೇಳುತ್ತಿದ್ದ ಎರಡು ಪ್ರಶ್ನೆಗಳನ್ನು ಇದಕ್ಕೂ ಹಾಕಿದರು. ಈ ವಾಕ್ಯವನ್ನು ಎದುರು ಮನೆಯವರು ತಮ್ಮ ಹೆಂಡತಿಗೆ ಕೊಟ್ಟರೆ ಸುಳ್ಳಾಗುತ್ತದೆಯೇ? ಹತ್ತು ವರ್ಷಗಳ ಹಿಂದಿನ ಕಾರ್ಡಿನಲ್ಲಿ ಇದನ್ನು ಬರೆದಿದ್ದರೆ ತಪ್ಪಾಗುತ್ತಿತ್ತೇ? ಎರಡಕ್ಕೂ ಉತ್ತರ ‘ಇಲ್ಲ’ ಎಂದೇ ಬಂತು. ಹೋಲಿಕೆ ಹೊಸದಾಗಿದ್ದರೂ ಅದರಲ್ಲಿ ಈ ವರ್ಷದ ಸಂಗತಿ ಏನೂ ಇರಲಿಲ್ಲ.

ಈ ವರ್ಷದ ಸಂಗತಿಯೆಂದರೆ ಆಕೆಯ ಬಲಗಿವಿ ಮಂದವಾದದ್ದು. ಬೆಳಗಿನ ನಡಿಗೆಯಲ್ಲಿ ಅವರು ಎಂದೂ ಹೆಂಡತಿಯ ಬಲಕ್ಕೆ ಇರುತ್ತಿದ್ದರು. ರಸ್ತೆಯ ಎಡಬದಿಯಲ್ಲಿ ನಡೆಯುವವರಿಗೆ ವಾಹನಗಳು ಬಲದಲ್ಲಿರುತ್ತವೆ. ಆ ಬದಿಯನ್ನು ತಾವು ವಹಿಸಿಕೊಳ್ಳುವುದು ಅವರ ರೂಢಿ. ಧಾರೆಯ ದಿನ ಹಸೆಮಣೆಯ ಮೇಲೆ ಕುಳಿತಾಗಿನಿಂದ ಆಕೆ ತಮ್ಮ ಎಡಕ್ಕೇ ಇದ್ದಾಳೆಂದು ಅವರು ತಮಾಷೆ ಮಾಡುವುದೂ ಇತ್ತು. ಈಗ ಬಲದಲ್ಲಿ ನಿಂತು ಆಡಿದ ಮಾತು ಆಕೆಗೆ ಮುಟ್ಟುತ್ತಿರಲಿಲ್ಲ. “ಏನಂದ್ರಿ?” ಎಂಬ ಪ್ರಶ್ನೆ ಹೆಜ್ಜೆಗೊಮ್ಮೆ ಬರತೊಡಗಿತು, ಕೆಲವು ದಿನಗಳಲ್ಲಿ ಆಕೆ ಹಾಗೆ ಕೇಳುವುದನ್ನೂ ಬಿಟ್ಟು, ಕೇಳಿಸಿದಂತೆ ತಲೆಯಾಡಿಸತೊಡಗಿದರು. ಅವರಿಗೆ ಅಂಜಿಕೆ ಹುಟ್ಟಿದ್ದು ಆ ತಲೆಯಾಟವನ್ನು ಕಂಡು. ಎಡಕ್ಕೆ ಸರಿದರೆ ಮಾತು ಕೇಳಿಸುತ್ತದೆ, ಆದರೆ ಹಾರ್ನ್ ಸರಿಯಾಗಿ ಕೇಳಿಸದವಳನ್ನು ವಾಹನಗಳ ಕಡೆಗೆ ಬಿಟ್ಟಂತಾಗುತ್ತದೆ. ಕೊನೆಗೆ ಇಬ್ಬರೂ ಎದುರು ಬದಿಯ ಕಾಲುದಾರಿಗೆ ದಾಟಿದರು. ಅಲ್ಲಿ ವಾಹನಗಳು ಎಡದಲ್ಲಿ, ಅವರೂ ಎಡದಲ್ಲಿ.

ಮೂರನೆಯ ಕರಡು ಇದನ್ನು ಹಿಡಿಯಿತು, ಆದರೆ ತಪ್ಪಾಗಿ ಹಿಡಿಯಿತು: ‘ನಿನಗೆ ಕಿವಿ ಕೇಳದಿದ್ದರೂ ನನ್ನ ಪ್ರೀತಿ ಕಡಿಮೆಯಾಗಿಲ್ಲ.’ ಈ ವಾಕ್ಯದ ಕೇಡೆಲ್ಲ ‘ಇದ್ದರೂ’ ಎಂಬಲ್ಲಿದೆ. ಕನ್ನಡದಲ್ಲಿ ಈ ರೂಪ ಬಂದೊಡನೆ ಮೊದಲರ್ಧ ಕೊರತೆಯಾಗುತ್ತದೆ, ಎರಡನೆಯರ್ಧ ಔದಾರ್ಯವಾಗುತ್ತದೆ. ಬರೆದವನು ಕ್ಷಮಿಸುವವನಾಗಿ, ಓದುವವಳು ಕ್ಷಮೆಗೆ ಪಾತ್ರಳಾಗಿ ನಿಲ್ಲುತ್ತಾಳೆ. ಹೊಸ ಸಂಗತಿಯನ್ನು ಹುಡುಕುವವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ವಯಸ್ಸಾದ ಸಂಗಾತಿಯ ಬಾಳಿನಲ್ಲಿ ಹೊಸದಾಗಿರುವುದು ಬಹುಮಟ್ಟಿಗೆ ಯಾವುದೋ ಒಂದು ನಷ್ಟ. ಅದನ್ನು ಅವಳ ತಲೆಗೆ ಕಟ್ಟಿ ಬರೆದರೆ ಹಳೆಯ ‘ನಂದಾದೀಪ’ವೇ ಮೇಲೆನಿಸುತ್ತದೆ. ಅಧ್ಯಾಪಕರು ವಾಕ್ಯದ ಕರ್ತೃವನ್ನು ಬದಲಾಯಿಸಿದರು. ಕಿವಿಯನ್ನು ಬಿಟ್ಟು, ತಾವು ನಡೆಯುವ ಬದಿಯನ್ನು ಬರೆದರು.

ಕಾರ್ಡಿನಲ್ಲಿ ಉಳಿದ ಒಕ್ಕಣೆ ಇಷ್ಟು: ‘ಈ ವರ್ಷ ನಾನು ನಿನ್ನ ಎಡಕ್ಕೆ ಬಂದೆ. ಅದಕ್ಕಾಗಿ ನಾವಿಬ್ಬರೂ ರಸ್ತೆ ದಾಟಬೇಕಾಯಿತು. ನೀನು ಏನಂದ್ರಿ ಎಂದು ಕೇಳಿದಾಗ ನಾನು ಎರಡನೆಯ ಸಲ ನಿಧಾನವಾಗಿ ಹೇಳುತ್ತೇನೆ. ಆಗ ನಾನು ಏನು ಹೇಳಿದೆನೆಂದು ನನಗೂ ತಿಳಿಯುತ್ತದೆ. ಕೇಳುವುದನ್ನು ಬಿಡಬೇಡ.’

ಇದರಲ್ಲಿ ಪ್ರೀತಿಯೆಂಬ ಪದವಿಲ್ಲ, ಹೋಲಿಕೆಯೂ ಇಲ್ಲ. ಕಡೆಯ ವಾಕ್ಯ ಶುಭಾಶಯವೂ ಅಲ್ಲ, ಅದೊಂದು ಬೇಡಿಕೆ. ತಲೆಯಾಡಿಸಿ ಸುಮ್ಮನಾಗುವವಳನ್ನು ಮತ್ತೆ ಮಾತಿಗೆ ಕರೆಯುವುದೇ ಆ ಕಾರ್ಡಿನ ಉದ್ದೇಶ. ಹಿಂದಿನ ಯಾವ ಕಾರ್ಡಿಗೂ ಇಂಥ ಕೆಲಸವಿರಲಿಲ್ಲ. ಆದುದರಿಂದಲೇ ಅವು ಒಂದನ್ನೊಂದು ಹೋಲುತ್ತಿದ್ದವು.

ಪುನರುಕ್ತಿಯನ್ನು ದೋಷವೆಂದ ದಂಡಿಯೇ ಅದಕ್ಕೊಂದು ಅಪವಾದವನ್ನೂ ಹೇಳಿದ್ದಾನೆ. ಅನುಕಂಪೆ ಮೊದಲಾದ ಭಾವಗಳ ಅತಿಶಯವನ್ನು ಹೇಳಬೇಕಾದಲ್ಲಿ ಮತ್ತೆ ಹೇಳಿದ್ದು ದೋಷವಲ್ಲ, ಅಲಂಕಾರವೇ ಆಗುತ್ತದೆ. ನಡಿಗೆಯಲ್ಲಿ ಎರಡೆರಡು ಸಲ ಆಡುವ ಮಾತು ಈ ಅಪವಾದಕ್ಕೆ ಸಲ್ಲುತ್ತದೆ. ಮೊದಲ ಸಲ ಮುಟ್ಟದ ಮಾತನ್ನು ಮುಟ್ಟಿಸಲೆಂದೇ ಎರಡನೆಯದು ಬರುತ್ತದೆ. ಕಾರ್ಡಿನ ಮಾತಿಗೆ ಆ ರಿಯಾಯಿತಿ ಇಲ್ಲ. ವರ್ಷಕ್ಕೊಮ್ಮೆ ಬರುವ ‘ಬಾಳಿನ ಬೆಳಕು’ ಯಾವ ಪ್ರಶ್ನೆಗೂ ಉತ್ತರವಾಗಿ ಬಂದದ್ದಲ್ಲ.

ಎಡಬಲಗಳ ಈ ಮಾತೂ ಬರುವ ವರ್ಷಕ್ಕೆ ಹಳೆಯದಾಗುತ್ತದೆ. ಅದನ್ನು ಇನ್ನೊಮ್ಮೆ ಬರೆದರೆ ಅದೂ ಪೆಟ್ಟಿಗೆಯೊಳಗಿನ ಇನ್ನೊಂದು ನಂದಾದೀಪವಷ್ಟೆ. ಅಧ್ಯಾಪಕರು ಕಾರ್ಡನ್ನು ಕೊಡುವ ಮುನ್ನ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ಎಡ, ರಸ್ತೆ, ಏನಂದ್ರಿ’ ಎಂದು ಬರೆದು, ಮುಂದೆ ಬಳಸಬಾರದ ಪದಗಳ ಪಟ್ಟಿಗೆ ಅವನ್ನು ಸೇರಿಸಿದರು.