ಮೂರನೆಯವರು ಯಾರು?

ನಮ್ಮ ಅಜ್ಜ ಮನೆತನದ ಬಗ್ಗೆ ಬರೆದಿಟ್ಟದ್ದು ಒಂದು ನೋಟ್‌ಬುಕ್ಕಿನ ಹದಿನಾಲ್ಕು ಪುಟ. ಬಹಳ ಕಡೆ ಬರೀ ಹೆಸರುಗಳು, ನಡುವೆ ಗೆರೆಗಳು. ಅದನ್ನೇ ಇಟ್ಟುಕೊಂಡು ನಾವು ಮೂವರು, ಅಂದರೆ ಅಣ್ಣತಮ್ಮಂದಿರ ಮಕ್ಕಳು, ಮನೆತನದ ಪುಸ್ತಕ ಬರೆಯಲು ಕುಳಿತೆವು. ಒಂದೇ ಒಂದು ಸಾಲು ನಮ್ಮನ್ನು ನಾಲ್ಕು ತಿಂಗಳು ನಿಲ್ಲಿಸಿತು: ‘ಕಾಳಯುಕ್ತಿ ಸಂವತ್ಸರ, ಆಶ್ವೀಜ. ಮನ್ಯಾಗ ಮೂವರು.’

ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಕಾಳಯುಕ್ತಿ 1858ರಲ್ಲಿ ಬಂದಿತ್ತು, 1918ರಲ್ಲಿ ಬಂತು, 1978ರಲ್ಲೂ ಬಂತು. ನೋಟ್‌ಬುಕ್ಕಿನಲ್ಲಿ ಆ ಸಾಲು ಮುತ್ತಜ್ಜನ ಹೆಸರಿನ ಪಕ್ಕ ಇತ್ತು, ಹಾಗಾಗಿ 1918 ಎಂದು ಹಿಡಿದೆವು. ಆ ವರ್ಷದ ಆಶ್ವೀಜ ಬಿದ್ದದ್ದು ಅಕ್ಟೋಬರಿನಲ್ಲಿ. ದೇಶದಲ್ಲಿ ಕೋಟಿಗೂ ಹೆಚ್ಚು ಜನರನ್ನು ಕೊಂದ ಇನ್‌ಫ್ಲುಯೆಂಜಾ ಜ್ವರ ನಮ್ಮ ಕಡೆ ಜೋರಾಗಿದ್ದದ್ದೂ ಅದೇ ಹೊತ್ತಿನಲ್ಲಿ.

ಆದರೆ ದೊಡ್ಡತ್ತಿ ಹೇಳುವುದು ಬೇರೆ. “ಪಿಳೇಗಿಗೆ ಹ್ವಾದ್ರು. ಎಂಟು ದಿನದಾಗ ಮೂರು ಹೆಣ, ಹೊರಾಕ ಮಂದಿ ಸಿಗಲಿಲ್ಲಂತ.” ನಾವು ಅವರ ಮಾತಿಗೆ ಎದುರು ಮಾತಾಡದೆ ಬೇರೆ ಪ್ರಶ್ನೆ ಕೇಳಿದೆವು: ಆಗ ಮನೆಯವರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದರೇ? ಇಲಿ ಸತ್ತ ಮಾತು ಯಾರಾದರೂ ಹೇಳಿದ್ದರೇ? “ಇಲ್ಲವಾ, ಮನ್ಯಾಗ ಮಲಗಿದ್ರು, ಅಲ್ಲೇ ಹ್ವಾದ್ರು.” ಪ್ಲೇಗು ಬಂದರೆ ಇಲಿ ಬೀಳುತ್ತಿದ್ದವು, ಜನ ಊರ ಹೊರಗೆ ಗುಡಿಸಲಿಗೆ ಹೋಗುತ್ತಿದ್ದರು. ಇಲ್ಲಿ ಅವೆರಡೂ ಇಲ್ಲ. ಹಿರಿಯರ ಬಾಯಲ್ಲಿ ಮಂದಿ ಸತ್ತ ರೋಗಕ್ಕೆಲ್ಲ ಪಿಳೇಗು ಎಂದೇ ಹೆಸರು. ದೊಡ್ಡತ್ತಿ ಇದನ್ನು ಕೇಳಿದ್ದು ತಮ್ಮ ಅಜ್ಜಿಯಿಂದ. ಪುಸ್ತಕದಲ್ಲಿ ಅದನ್ನೂ ಬರೆದೆವು, ಯಾರಿಂದ ಯಾರಿಗೆ ಬಂದ ಮಾತು ಎಂದು.

ಗಂಟು ಇನ್ನೊಂದು ಕಡೆ ಇತ್ತು. ಮೂವರಲ್ಲಿ ಮುತ್ತಜ್ಜನ ತಾಯಿ ಒಬ್ಬರು, ಕೂಸು ಒಂದು. ಮೂರನೆಯವರು ಮುತ್ತಜ್ಜನ ಅಣ್ಣ ಎಂಬುದು ದೊಡ್ಡತ್ತಿಯ ಮಾತು. ಕಾಕಾ ಒಪ್ಪುವುದಿಲ್ಲ. ಅಣ್ಣ ಸಾಯಲಿಲ್ಲ, ಜಗಳವಾಡಿ ಮನೆ ಬಿಟ್ಟ, ಸೊಲ್ಲಾಪುರದ ಗಿರಣಿಯಲ್ಲಿ ನಮ್ಮೂರಿನವರೇ ಅವನನ್ನು ಕಂಡಿದ್ದರು ಎನ್ನುತ್ತಾರೆ. ಇಬ್ಬರನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಮನೆಯಲ್ಲಿ ಕೇಳಿದ್ದೆವು. ಒಟ್ಟಿಗೆ ಕೂರಿಸಿದ್ದರೆ ಹಿರಿಯಳ ಮಾತೇ ಉಳಿದು, ಕಾಕಾ ಸುಮ್ಮನಾಗುತ್ತಿದ್ದರು.

ಹೆಳವರು ಬಂದಾಗ ಅವರ ವಹಿಯಲ್ಲಿ ನೋಡಿಸಿದೆವು. ಅಣ್ಣನ ಹೆಸರು ಓದಿದರು, ಮುಂದೆ ‘ಸಂತಾನ ಇಲ್ಲ’ ಅಂದರು. ಹೆಣ್ಣುಮಕ್ಕಳ ಹೆಸರು ಆ ಪುಟದಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಮಕ್ಕಳೇ ಇರಲಿಲ್ಲವೋ, ಗಂಡುಮಕ್ಕಳು ಮಾತ್ರ ಇರಲಿಲ್ಲವೋ, ಆ ಎರಡು ಶಬ್ದದಿಂದ ತಿಳಿಯುವುದಿಲ್ಲ.

ಕೊನೆಗೆ ಹೊಲದ ಹಳೆಯ ಡೈರಿಯ ನಕಲು ತೆಗೆಸಿದೆವು. 1923ರಲ್ಲಿ ಅಣ್ಣನ ಪಾಲಿನ ನಾಲ್ಕು ಎಕರೆ ಮುತ್ತಜ್ಜನ ಹೆಸರಿಗೆ ಬಂದಿದೆ. ಕಾರಣದ ಜಾಗದಲ್ಲಿ ‘ಮಯತ, ವಾರಸುದಾರರಿಲ್ಲ’ ಎಂದಿದೆ. ನಮ್ಮ ಅಪ್ಪ ಅದನ್ನು ಓದಿ “ಮುಗೀತಲ್ಲ, ಸತ್ತಾನ” ಅಂದರು.

ನಮಗೆ ಮುಗಿಯಲಿಲ್ಲ. ಸತ್ತದ್ದು 1918 ಆದರೆ ಡೈರಿಗೆ ಐದು ವರ್ಷ ಏಕೆ? ವಾರಸಾ ತಡವಾಗಿ ಆಗುವುದು ಹಳ್ಳಿಯಲ್ಲಿ ಹೊಸದಲ್ಲ, ಈಗಲೂ ಎಷ್ಟೋ ಉತಾರ ಸತ್ತವರ ಹೆಸರಿನಲ್ಲೇ ಇವೆ. ಅದು ಅನುಮಾನಕ್ಕೆ ಸಾಕಾಗುವ ಕಾರಣವಲ್ಲ. ಆದರೆ ಅಣ್ಣ ಸತ್ತನೆಂದು ಹೇಳಿಕೆ ಕೊಟ್ಟವರು ಯಾರು ಎಂದು ನೋಡಿದರೆ ಅಲ್ಲಿರುವುದು ಮುತ್ತಜ್ಜನ ಹೆಬ್ಬೆಟ್ಟು. ಹೊಲ ಬಂದದ್ದೂ ಅವರಿಗೇ. ಸರಕಾರಿ ಕಾಗದ ಎಂದರೂ ಅದರೊಳಗಿರುವುದು ಒಬ್ಬರು ಹೇಳಿದ ಮಾತು. ಇವತ್ತು ನಾವು ಉಣ್ಣುತ್ತಿರುವ ಜೋಳ ಆ ನಾಲ್ಕು ಎಕರೆಯದು.

“ಇದನ್ನ ಬರೀಬ್ಯಾಡ್ರಿ, ನಾಳೆ ಯಾರರ ಬಂದು ಪಾಲು ಕೇಳ್ಯಾರು,” ಅಂದರು ಅಪ್ಪ. ಎರಡು ವಾರ ಮನೆಯಲ್ಲಿ ಇದೇ ಮಾತು. ಬಿಟ್ಟುಬಿಡುವುದಾದರೆ ಅಣ್ಣನ ಹೆಸರನ್ನೇ ಬಿಡಬೇಕಾಗುತ್ತಿತ್ತು, ಅದಕ್ಕೆ ಅಪ್ಪನೂ ಒಪ್ಪಲಿಲ್ಲ. ಕೊನೆಗೆ ಪುಸ್ತಕದಲ್ಲಿ ಹೋದದ್ದು ಇಷ್ಟು:

‘ಇವರು 1918ರ ಜ್ವರದಲ್ಲಿ ತೀರಿಕೊಂಡರೆಂದು ದೊಡ್ಡತ್ತಿ ತಮ್ಮ ಅಜ್ಜಿಯಿಂದ ಕೇಳಿದ್ದಾರೆ. ಸೊಲ್ಲಾಪುರಕ್ಕೆ ಹೋದರೆಂದು ಕಾಕಾ ತಮ್ಮ ಅಪ್ಪನಿಂದ ಕೇಳಿದ್ದಾರೆ. 1923ರ ಡೈರಿಯಲ್ಲಿ ತಮ್ಮನ ಹೇಳಿಕೆಯ ಮೇಲೆ ಮಯತ ಎಂದು ದಾಖಲಾಗಿದೆ. ಹೆಂಡತಿಯ ಹೆಸರು ಎಲ್ಲೂ ಸಿಕ್ಕಿಲ್ಲ.’

ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟೆವು. ಕರಡು ಓದಿಸಿದಾಗ ದೊಡ್ಡತ್ತಿ ಆ ಜಾಗದ ಮೇಲೆ ಕೈಯಿಟ್ಟು, “ಆಕಿ ತವರು ನವಲಗುಂದ ಕಡೆ ಅಂತ ಅಜ್ಜಿ ಅಂದಿದ್ಲು ನೋಡು,” ಅಂದರು. ನಾಲ್ಕು ತಿಂಗಳಲ್ಲಿ ಒಮ್ಮೆಯೂ ಹೇಳದ ಮಾತು. ಮುಂದಿನ ಭಾನುವಾರ ನವಲಗುಂದಕ್ಕೆ ಹೊರಟಿದ್ದೇವೆ, ಕಾಕಾನೂ ಬರುತ್ತೇನೆ ಅಂದಿದ್ದಾರೆ.